ಎಣ್ಣೆ ಹೊಡೆದ ಬಟ್ಟೆ, ರಾತ್ರಿಯ ಕಾಯಿಲ್ ಮತ್ತು ಹನ್ನೊಂದನೇ ವಾರ

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ಸದಸ್ಯೆ): ಮೇಡಂ, ನನಗೆ ಈಗ ಹನ್ನೊಂದನೇ ವಾರ. ನಮ್ಮ ಮನೆ ಗದ್ದೆಗೆ ಹೊಂದಿಕೊಂಡೇ ಇದೆ, ಸಂಜೆಯಾದರೆ ಸೊಳ್ಳೆಗಳ ಕಾಟ ತಡೆಯಲಾಗುವುದಿಲ್ಲ. ರಾತ್ರಿಯಿಡೀ ಕಾಯಿಲ್ ಹಚ್ಚಿ, ಬಾಗಿಲು ಹಾಕಿಕೊಂಡು ಮಲಗುತ್ತೇವೆ. ಮಗುವಿಗೆ ತೊಂದರೆಯೇ? ಕಾಯಿಲ್ ಬಿಟ್ಟು ಲಿಕ್ವಿಡ್ ಯಂತ್ರ ಹಾಕಬಹುದೇ? ಮೈಗೆ ಹಚ್ಚುವ ಕ್ರೀಮ್ ಬಳಸಬಹುದೇ? ನಮ್ಮ ಮನೆಯವರು ವಾರಕ್ಕೊಮ್ಮೆಯಾದರೂ ಎಣ್ಣೆ ಹೊಡೆದು ಬರುತ್ತಾರೆ, ಅದರಿಂದಲೂ ಏನಾದರೂ ಆಗುತ್ತದೆಯೇ?

ಬೆಂಗಳೂರಿನ ಸದಸ್ಯೆ: ಅಕ್ಕಾ, ಕಾಯಿಲ್ ವಿಷಯ ಆಮೇಲೆ ನೋಡೋಣ. ಗಂಡ ವಾರವಾರ ಕುಡಿದು ಬರುವುದನ್ನು ಇಷ್ಟು ಸಲೀಸಾಗಿ ಬರೆದಿದ್ದೀರಲ್ಲ. ಈ ಹೊತ್ತಿನಲ್ಲಿ ನಿಮಗೆ ನೆಮ್ಮದಿ ಬೇಕು. ಮನೆಯ ಹಿರಿಯರ ಹತ್ತಿರ ಮಾತನಾಡಿ.

ಸಿಂಧನೂರಿನ ಸದಸ್ಯೆ: ಇಲ್ಲ ಅಕ್ಕಾ, ಅವರು ಕುಡಿಯುವುದಿಲ್ಲ. ನಮ್ಮ ಕಡೆ ಬೆಳೆಗೆ ಸಿಂಪಡಿಸುವ ಔಷಧಿಗೆ ಎಣ್ಣೆ ಎನ್ನುತ್ತೇವೆ. ಭತ್ತಕ್ಕೆ ಕಾಂಡಕೊರಕ ಬಿದ್ದಿದೆ, ಕ್ಲೋರೋಪೈರಿಫಾಸ್ ಹೊಡೆಯುತ್ತಿದ್ದಾರೆ. ಡಬ್ಬಿ ಮಂಚದ ಕೆಳಗೆ ಇರುತ್ತದೆ. ಹೊಡೆದು ಬಂದ ದಿನ ಅವರ ಬಟ್ಟೆಯನ್ನು ನಾನೇ ಕೈಯಲ್ಲಿ ಒಗೆಯುತ್ತೇನೆ. ಮನೆಯವರೆಲ್ಲರ ಬಟ್ಟೆಯ ಜೊತೆ ಒಂದೇ ಬಕೆಟ್‌ನಲ್ಲಿ ನೆನೆಹಾಕುತ್ತೇನೆ.

ವೈದ್ಯೆ (ಸ್ತ್ರೀರೋಗ ಮತ್ತು ಪ್ರಸೂತಿ): ನೀವು ಕಾಯಿಲ್ ಅನ್ನು ಮೊದಲು ಕೇಳಿದ್ದೀರಿ, ನಾನು ಬಕೆಟ್‌ನಿಂದ ಶುರು ಮಾಡುತ್ತೇನೆ ತಾಯೀ. ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಅದೇ.

ಕ್ಲೋರೋಪೈರಿಫಾಸ್ ಮೂಗಿನಿಂದ ಮಾತ್ರ ಒಳಗೆ ಹೋಗುವ ವಿಷವಲ್ಲ, ಚರ್ಮದ ಮೂಲಕವೂ ಹೋಗುತ್ತದೆ. ಹದಿನಾರು ಲೀಟರಿನ ಪಂಪು ಬೆನ್ನಿಗೆ ಹಾಕಿಕೊಂಡು ಗದ್ದೆಯಲ್ಲಿ ನಡೆದವರ ಪ್ಯಾಂಟಿನ ಕೆಳಭಾಗ ಮತ್ತು ಅಂಗಿಯ ಬೆನ್ನು ಅದರಲ್ಲಿ ತೊಯ್ದಿರುತ್ತವೆ. ಆ ಬಟ್ಟೆಯನ್ನು ನೀವು ಬರಿಗೈಯಲ್ಲಿ ಉಜ್ಜುತ್ತಿದ್ದೀರಿ. ಒಂದೇ ಬಕೆಟ್‌ನಲ್ಲಿ ನೆನೆಸಿದರೆ ನಿಮ್ಮ ನೈಟಿಗೂ ಅದು ಅಂಟುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಲಿನಾಸ್ ಎಂಬ ಕೃಷಿ ಕಣಿವೆಯಿದೆ. ಅಲ್ಲಿನ ತಾಯಂದಿರನ್ನು ಬಸಿರಿನಿಂದಲೇ ಗಮನಿಸುತ್ತಾ ಬಂದ ಸಂಶೋಧಕರು, ಯಾರ ಮೂತ್ರದಲ್ಲಿ ಈ ಜಾತಿಯ ಕೀಟನಾಶಕಗಳ ಅಂಶ ಹೆಚ್ಚಿತ್ತೋ ಅವರ ಮಕ್ಕಳು ಏಳನೇ ವರ್ಷದ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದದ್ದನ್ನು ಕಂಡರು. ಅಂಕ ಕಡಿಮೆಯಾದದ್ದು ಸರಾಸರಿಯಲ್ಲಿ. ನಿಮ್ಮ ಮಗುವಿಗೆ ಹೀಗೇ ಆಗುತ್ತದೆ ಎಂದು ಅದರ ಅರ್ಥವಲ್ಲ. ಆದರೂ ಆ ಬಟ್ಟೆ ಇನ್ನು ನಿಮ್ಮ ಕೈಗೆ ಬರಬಾರದು.

ಇವತ್ತಿನಿಂದ ಹೀಗೆ ಮಾಡಿ. ಹೊಡೆದು ಬಂದವರು ಮನೆಯ ಹೊರಗೇ ಬಟ್ಟೆ ಬಿಚ್ಚಲಿ. ಸೋಪು ಹಾಕಿ ಸ್ನಾನ ಮಾಡಿದ ಮೇಲೆಯೇ ಒಳಗೆ ಬರಲಿ, ಹಾಸಿಗೆಯ ಹತ್ತಿರ ಹೋಗಲಿ. ಆ ಬಟ್ಟೆಯನ್ನು ಅದೇ ದಿನ, ಬೇರೆ ಬಕೆಟ್‌ನಲ್ಲಿ, ಅವರೇ ರಬ್ಬರ್ ಕೈಗವಸು ಹಾಕಿಕೊಂಡು ಒಗೆಯಲಿ. ಎಣ್ಣೆ ರೂಪದ ಔಷಧಿ ತಣ್ಣೀರಿನಲ್ಲಿ ಜಾಲಿಸಿದರೆ ಹೋಗುವುದಿಲ್ಲ, ಬಿಸಿನೀರು ಮತ್ತು ಧಾರಾಳವಾಗಿ ಸೋಪಿನ ಪುಡಿ ಬೇಕು. ಎರಡು ಸಲ ಒಗೆದು ಬಿಸಿಲಿಗೆ ಹಾಕಲಿ. ನೀರು ಬೆರೆಸದ ಔಷಧಿಯೇ ಚೆಲ್ಲಿ ತೊಯ್ದ ಬಟ್ಟೆಯಾದರೆ ಒಗೆಯುವ ಗೋಜಿಗೆ ಹೋಗಬೇಡಿ, ಬಿಟ್ಟುಬಿಡಿ. ಡಬ್ಬಿ ಮಂಚದ ಕೆಳಗಿನಿಂದ ಈಗಲೇ ಹೊರಗೆ ಹೋಗಲಿ. ದನದ ಕೊಟ್ಟಿಗೆಯಲ್ಲೂ ಬೇಡ, ಬೀಗ ಹಾಕುವ ಹೊರಗಿನ ಪೆಟ್ಟಿಗೆ ಇರಲಿ. ಖಾಲಿ ಡಬ್ಬಿಯಲ್ಲಿ ನೀರನ್ನೋ ಸೀಮೆಎಣ್ಣೆಯನ್ನೋ ತುಂಬಿಡುವ ರೂಢಿ ಇದ್ದರೆ ಅದೂ ನಿಲ್ಲಬೇಕು.

ಇನ್ನು ಕಾಯಿಲ್. ಅದರಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ದೇಹದಿಂದ ಬೇಗ ಹೊರಹೋಗುತ್ತದೆ. ನನ್ನ ಜಗಳ ಅದರ ಹೊಗೆಯೊಂದಿಗೆ. ಮರದ ಪುಡಿ, ತೆಂಗಿನ ಚಿಪ್ಪಿನ ಪುಡಿ ಎಂಟು ತಾಸು ಕನಲುತ್ತಾ ಉರಿಯುತ್ತದೆ. ಚೀನಾ ಮತ್ತು ಮಲೇಷ್ಯಾದ ಕಾಯಿಲ್‌ಗಳನ್ನು ಉರಿಸಿ ಅಳೆದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಂದು ಕಾಯಿಲ್ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳು ಬಿಡುವಷ್ಟು ಇದ್ದವು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಗರ್ಭಿಣಿ ಅದನ್ನು ಬೆಳಗಿನವರೆಗೆ ಉಸಿರಾಡುವುದು ಬೇಡವೇ ಬೇಡ. ಹೆಸರು, ನೋಂದಣಿ ಸಂಖ್ಯೆ ಇಲ್ಲದ ಸೊಳ್ಳೆ ಅಗರಬತ್ತಿಗಳಂತೂ ಇನ್ನೂ ಬೇಡ, ಅವುಗಳಲ್ಲಿ ಯಾವ ಔಷಧಿ ಎಷ್ಟಿದೆ ಎಂದು ಹೇಳುವವರೇ ಇಲ್ಲ.

ಹಾಗೆಂದು ಸೊಳ್ಳೆ ಕಚ್ಚಿಸಿಕೊಳ್ಳಿ ಎನ್ನುತ್ತಿಲ್ಲ. ಬಸಿರಿನಲ್ಲಿ ಮಲೇರಿಯಾ, ಡೆಂಗಿ ಎರಡೂ ಕೆಟ್ಟವು. 2022ರ ಡಿಸೆಂಬರ್‌ನಲ್ಲಿ ನಿಮ್ಮ ರಾಯಚೂರು ಜಿಲ್ಲೆಯಲ್ಲೇ ಝೀಕಾ ಪತ್ತೆಯಾಗಿತ್ತು. ನಿಮಗೆ ಬೇಕಾದದ್ದು ಸೊಳ್ಳೆ ಪರದೆ. ಔಷಧಿ ಲೇಪಿಸಿದ ಪರದೆಯನ್ನು ಗರ್ಭಿಣಿಯರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಹೊಸದಾದರೆ ಒಂದು ದಿನ ನೆರಳಿನಲ್ಲಿ ಹರಡಿ ಆಮೇಲೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಸಾದಾ ಪರದೆಯೂ ತೂತಿಲ್ಲದಿದ್ದರೆ ಸಾಕಷ್ಟು ಕೆಲಸ ಮಾಡುತ್ತದೆ.

ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಅದಕ್ಕೆ ರಾತ್ರಿಯ ಪರದೆ ಸಾಲದು, ಕ್ರೀಮ್ ಬೇಕು. ಥಾಯ್ಲೆಂಡಿನ ಗಡಿಯಲ್ಲಿ ಸುಮಾರು ಒಂಬೈನೂರು ಗರ್ಭಿಣಿಯರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿ ದಿನವೂ ಡೀಟ್ ಎಂಬ ಸೊಳ್ಳೆ ನಿವಾರಕ ಹಚ್ಚಿಕೊಂಡರು. ತಾಯಿಗಾಗಲಿ ಮಗುವಿಗಾಗಲಿ ಅದರಿಂದ ಕೆಡುಕು ಕಾಣಲಿಲ್ಲ. ಅವರೆಲ್ಲ ಮೊದಲ ಮೂರು ತಿಂಗಳು ದಾಟಿದವರು, ನಿಮ್ಮದು ಹನ್ನೊಂದನೇ ವಾರ. ಆದ್ದರಿಂದ ನನ್ನ ಸಲಹೆ: ಮುಚ್ಚಬಹುದಾದ ಮೈಯನ್ನು ಬಟ್ಟೆಯಿಂದ ಮುಚ್ಚಿ, ತೆರೆದ ಕೈಕಾಲಿಗೆ ಮಾತ್ರ ತೆಳುವಾಗಿ ಹಚ್ಚಿ, ಒಳಗೆ ಮಲಗುವ ಮುನ್ನ ತೊಳೆದುಬಿಡಿ. ಸ್ಪ್ರೇ ರೂಪದ್ದನ್ನು ಮುಖಕ್ಕೆ ನೇರವಾಗಿ ಹೊಡೆಯಬೇಡಿ, ಮುಚ್ಚಿದ ಕೋಣೆಯಲ್ಲೂ ಹೊಡೆಯಬೇಡಿ.

ನಿವೃತ್ತ ಶಿಕ್ಷಕರು, ಹಾವೇರಿ: ಇಷ್ಟೆಲ್ಲ ರಾಸಾಯನಿಕ ಯಾಕೆ? ನಮ್ಮ ತಾಯಿ ಬೇವಿನ ಸೊಪ್ಪಿನ ಹೊಗೆ ಹಾಕಿಯೇ ಎಂಟು ಮಕ್ಕಳನ್ನು ಹೆತ್ತರು. ನಿಸರ್ಗದ್ದು ಯಾರಿಗೂ ತೊಂದರೆ ಕೊಡುವುದಿಲ್ಲ.

ವೈದ್ಯೆ: ಸರ್, ಬೇವಿನ ಹೊಗೆಗೆ ಸೊಳ್ಳೆ ದೂರವಾಗುತ್ತದೆ, ಅದು ನಿಜ. ಆದರೆ ಒಳಗೆಳೆದುಕೊಂಡ ಕಣ ಬೇವಿನದೋ ಕಾಯಿಲ್‌ನದೋ ಎಂದು ಶ್ವಾಸಕೋಶ ಕೇಳುವುದಿಲ್ಲ. ಸಂಜೆ ಅಂಗಳದಲ್ಲಿ ಹಾಕಿ, ಗರ್ಭಿಣಿ ಅಲ್ಲಿ ಕೂರದಿರಲಿ. ಬೇವಿನೆಣ್ಣೆಯನ್ನು ಹೊಟ್ಟೆಗೆ ಕುಡಿಸುವ ಪದ್ಧತಿಯಂತೂ ಬಸಿರಿನಲ್ಲಿ ಖಂಡಿತ ಬೇಡ.

ರಸಗೊಬ್ಬರ ಮತ್ತು ಕೀಟನಾಶಕ ಅಂಗಡಿಯವರು, ಗಂಗಾವತಿ: ಡಬ್ಬಿಯ ಮೇಲಿನ ತ್ರಿಕೋನ ನೋಡಿಕೊಂಡರೆ ಸಾಕು. ಕೆಂಪು ಅತಿ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ನಿಮ್ಮದು ಹಳದಿ. ಹಸಿರಿನದು ತೆಗೆದುಕೊಂಡರೆ ಗರ್ಭಿಣಿಯರಿಗೂ ಭಯವಿಲ್ಲ. ವಾಸನೆ ಹೋಯಿತೆಂದರೆ ವಿಷವೂ ಹೋಯಿತು ಎಂದೇ ಲೆಕ್ಕ.

ಕೃಷಿ ಅಧಿಕಾರಿ: ಬಣ್ಣದ ಕ್ರಮ ನೀವು ಹೇಳಿದ್ದು ಸರಿ ಅಣ್ಣಾ. ಆದರೆ ಆ ಬಣ್ಣ ಹೇಳುವುದು ಒಮ್ಮೆಗೆ ಎಷ್ಟು ಒಳಗೆ ಹೋದರೆ ಜೀವಕ್ಕೆ ಅಪಾಯ ಎಂಬುದನ್ನು. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ತಗುಲಿದರೆ ಗರ್ಭದಲ್ಲಿರುವ ಮಗುವಿಗೆ ಏನಾಗುತ್ತದೆ ಎಂಬುದು ಆ ತ್ರಿಕೋನದಲ್ಲಿ ಇಲ್ಲ. ವಾಸನೆಯ ಮಾತೂ ಹಾಗೆಯೇ, ಡಬ್ಬಿಯಲ್ಲಿ ಮೂಗಿಗೆ ಬಡಿಯುವ ವಾಸನೆ ಬಹುಪಾಲು ಔಷಧಿ ಕರಗಿಸಿದ ದ್ರಾವಕದ್ದು. ಅದು ಆರಿ ಹೋದ ಮೇಲೂ ಔಷಧಿ ಎಲೆಯ ಮೇಲೆ ಉಳಿದಿರುತ್ತದೆ. ಹೊಡೆದ ಮರುದಿನ ಕಳೆ ತೆಗೆಯಲು ಹೆಣ್ಣುಮಕ್ಕಳನ್ನು ಇಳಿಸುವುದನ್ನು ನಾನು ಕಂಡಿದ್ದೇನೆ. ಗರ್ಭಿಣಿಯನ್ನು ಈ ಹಂಗಾಮಿನಲ್ಲಿ ಗದ್ದೆಗೆ ಇಳಿಸಲೇಬೇಡಿ. ಇನ್ನೊಂದು ಮಾತು: ಕಾಂಡಕೊರಕಕ್ಕೆ ವಾರವಾರ ಹೊಡೆಯುವ ಅಗತ್ಯವಿಲ್ಲ. ಸುಳಿ ಒಣಗಿದ್ದು, ಬಿಳಿ ತೆನೆ ಎಷ್ಟಿವೆ ಎಂದು ಎಣಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ ಹೊಡೆಯಿರಿ. ಹೊಡೆಯುವ ಸಲ ಕಡಿಮೆಯಾದರೆ ಒಗೆಯುವ ಬಟ್ಟೆಯೂ ಕಡಿಮೆ.

ಪುತ್ತೂರಿನ ಸದಸ್ಯೆ: ನಮ್ಮ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ನಾನು ಕಂಡಿದ್ದೇನೆ. ಬಾವಿಗೆ ಮುಚ್ಚಳ ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ನಡೆಯಲಾರದ ಮಕ್ಕಳಿದ್ದರು. ನನ್ನ ತಂಗಿಯ ಮಗನೂ ಹಾಗೆಯೇ. ಈ ಪ್ರಶ್ನೆ ಓದಿ ಕೈ ನಡುಗಿತು. ತಂಗೀ, ನೀನು ತವರಿಗೆ ಹೋಗಿಬಿಡು.

ಸಿಂಧನೂರಿನ ಸದಸ್ಯೆ: ತವರೂ ಕ್ಯಾಂಪಿನಲ್ಲೇ ಇದೆ ಅಕ್ಕಾ, ಅಲ್ಲೂ ಭತ್ತವೇ. ಎರಡು ತಿಂಗಳು ನಾನೇ ಒಗೆದಿದ್ದೇನೆ, ಈಗ ಏನು ಮಾಡಲಿ? ರಕ್ತ ಪರೀಕ್ಷೆ ಇದೆಯೇ? ಮಗುವನ್ನು ಇಟ್ಟುಕೊಳ್ಳಬಹುದೇ?

ವೈದ್ಯೆ: ಇಟ್ಟುಕೊಳ್ಳಿ ತಾಯೀ, ಇದೊಂದೇ ಕಾರಣಕ್ಕೆ ಗರ್ಭ ತೆಗೆಸಬೇಕಿಲ್ಲ. ಎಂಡೋಸಲ್ಫಾನ್ ಬೇರೆಯೇ ಔಷಧಿ. ಅಲ್ಲಿ ಆಕಾಶದಿಂದ ವರ್ಷಾನುಗಟ್ಟಲೆ ಸುರಿದದ್ದು, ನಿಮ್ಮ ಬಟ್ಟೆ ಒಗೆತದೊಂದಿಗೆ ಅದನ್ನು ತೂಗಬೇಡಿ. ಕೋಲಿನೆಸ್ಟರೇಸ್ ಎಂಬ ರಕ್ತ ಪರೀಕ್ಷೆ ಇದೆ, ಆದರೆ ಅದು ವಿಷ ಏರಿದ ಲಕ್ಷಣಗಳಿದ್ದಾಗ ಉಪಯೋಗಕ್ಕೆ ಬರುತ್ತದೆ. ಎಲ್ಲರಿಗೂ ಮಾಡುವಂತೆ 18ರಿಂದ 20ನೇ ವಾರದಲ್ಲಿ ಅಂಗಾಂಗಗಳ ಸ್ಕ್ಯಾನ್ ಮಾಡಿಸಿ. ಸ್ಕ್ಯಾನ್ ಚೆನ್ನಾಗಿ ಬಂದರೆ ಅಂಗಗಳು ಸರಿಯಾಗಿ ರೂಪುಗೊಂಡಿವೆ ಎಂದರ್ಥ, ಮುಂದೆ ಎಣ್ಣೆ ಮುಟ್ಟಬಹುದು ಎಂದಲ್ಲ. ಮಿದುಳು ಒಂಬತ್ತೂ ತಿಂಗಳು ಬೆಳೆಯುತ್ತಿರುತ್ತದೆ.

ಮೈಮೇಲೆ ಎಣ್ಣೆ ಚೆಲ್ಲಿದರೆ ಲಕ್ಷಣಕ್ಕಾಗಿ ಕಾಯಬೇಡಿ, ಬಟ್ಟೆ ಬಿಚ್ಚಿ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದುಕೊಳ್ಳಿ. ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಮಾಂಸಖಂಡ ಅದುರುವುದು, ಉಸಿರು ಕಟ್ಟುವುದು, ಇವು ಕಂಡರೆ 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ತನ್ನಿ. ಬೆಳಗಿನ ವಾಂತಿ ಎಂದು ಸುಮ್ಮನಿರಬೇಡಿ. ಗರ್ಭಿಣಿ ಎಂಬ ಕಾರಣಕ್ಕೆ ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡಲು ಯಾರೂ ಹಿಂಜರಿಯಬಾರದು, ತಾಯಿ ಉಳಿದರೆ ಮಗು.

ಕೃಷಿ ಅಧಿಕಾರಿ: ಲಿಕ್ವಿಡ್ ಯಂತ್ರದ ಪ್ರಶ್ನೆಗೆ ಉತ್ತರ ಬರಲಿಲ್ಲ ಮೇಡಂ. ಹೊಗೆ ಇಲ್ಲದ ಮೇಲೆ ರಾತ್ರಿಯಿಡೀ ಹಾಕಬಹುದಲ್ಲವೇ?

ವೈದ್ಯೆ: ಹೊಗೆ ಇಲ್ಲ, ಆದ್ದರಿಂದ ಕಾಯಿಲ್‌ಗಿಂತ ಮೇಲು. ಆವಿ ಇದ್ದೇ ಇದೆ. ಪರದೆ ಕಟ್ಟಿದ ಮನೆಯಲ್ಲಿ ಅದರ ಅಗತ್ಯ ನನಗೆ ಕಾಣುವುದಿಲ್ಲ. ಹಾಕಲೇಬೇಕಾದರೆ ಸಂಜೆ ಒಂದು ತಾಸು, ಆಕೆ ಬೇರೆ ಕೋಣೆಯಲ್ಲಿರುವಾಗ ಹಾಕಿ, ಮಲಗುವ ಮುನ್ನ ಆರಿಸಿ ಕಿಟಕಿ ತೆರೆಯಿರಿ.

ಕೃಷಿ ಅಧಿಕಾರಿ: ಕಿಟಕಿ ತೆರೆದರೆ ಸೊಳ್ಳೆ ಮತ್ತೆ ಬರುತ್ತದೆ. ಆ ಊರಿನ ಸೊಳ್ಳೆ ನೋಡಿದವನು ನಾನು. ಈ ಮಾತು ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

ವೈದ್ಯೆ: ಕಿಟಕಿಗೆ ಜಾಲರಿ ಬಡಿಸಿದರೆ ಆ ತೊಡಕು ಇಲ್ಲ. ಜಾಲರಿ ಇಲ್ಲದಿದ್ದರೆ ಪರದೆಯೊಳಗೆ ಇದ್ದುಕೊಂಡೇ ತೆರೆಯಿರಿ.

ಸಿಂಧನೂರಿನ ಸದಸ್ಯೆ: ಡಬ್ಬಿ ಹೊರಗೆ ಹೋಯಿತು. ಇವತ್ತಿನ ಬಟ್ಟೆ ಅವರೇ ಒಗೆದರು. ಪಕ್ಕದ ಗದ್ದೆಯವರು ಮಾತ್ರ ಹೇಳದೆಯೇ ಹೊಡೆಯುತ್ತಾರೆ, ಗಾಳಿ ನಮ್ಮ ಅಡುಗೆಮನೆಯ ಕಡೆಗೇ ಬೀಸುತ್ತದೆ.

ಕೃಷಿ ಅಧಿಕಾರಿ: ಹಿಂದಿನ ದಿನ ಒಂದು ಮಾತು ತಿಳಿಸಲಿ ಎಂದು ನಿಮ್ಮ ಯಜಮಾನರು ಕೇಳಿಕೊಳ್ಳಲಿ. ಗಾಳಿ ಬಿರುಸಾಗಿದ್ದಾಗ ಹೊಡೆದರೆ ಅವರ ಔಷಧಿಯೂ ವ್ಯರ್ಥ, ಹಾಗೆ ಹೇಳಿದರೆ ಬೇಗ ಒಪ್ಪುತ್ತಾರೆ. ಪಂಪಿನ ಸದ್ದು ಕೇಳಿದ ಕೂಡಲೇ ನೀರಿನ ಕೊಡ ಮುಚ್ಚಿ, ಒಣಹಾಕಿದ ಬಟ್ಟೆ ಒಳಗೆ ತಂದು, ಆ ಕಡೆಯ ಕಿಟಕಿ ಹಾಕಿಕೊಳ್ಳಿ. ಅಂಗಳದ ಸೊಪ್ಪನ್ನು ಆ ವಾರ ಕೊಯ್ಯಬೇಡಿ.

ಸಿಂಧನೂರಿನ ಸದಸ್ಯೆ: ಅತ್ತೆಯವರಿಗೆ ಕಾಯಿಲ್ ಇಲ್ಲದೆ ನಿದ್ದೆ ಬರುವುದಿಲ್ಲವಂತೆ, ಪಡಸಾಲೆಯಲ್ಲಿ ಹಚ್ಚುತ್ತಾರೆ. ನಮ್ಮ ಕೋಣೆಗೆ ಬಾಗಿಲಿಲ್ಲ, ಸೀರೆ ಕಟ್ಟಿದ್ದೇವೆ.

ವೈದ್ಯೆ: ಸೀರೆ ಹೊಗೆಯನ್ನು ತಡೆಯುವುದಿಲ್ಲ. ಅತ್ತೆಯವರಿಗೂ ಒಂದು ಪರದೆ ತರಿಸಿ. ಪರದೆ ಬರುವ ತನಕ ಅವರ ಕಾಯಿಲ್ ಹೊರಗಿನ ಕಟ್ಟೆಯ ಮೇಲೆ ಉರಿಯಲಿ.