ಹಳೆಯ ಲಗ್ನಪತ್ರಿಕೆಗಳನ್ನು ಟೈಪ್ ಮಾಡಿಡುವುದು: ಯಾವುದು ಮೊದಲು, ಯಾವುದು ಆಮೇಲೆ?

ಕೇಳಿದವರು: ಮನೆಯ ಪೆಟ್ಟಿಗೆಯಲ್ಲಿ ಮೂವತ್ತು ನಲವತ್ತು ಹಳೆಯ ಲಗ್ನಪತ್ರಿಕೆಗಳು ಸಿಕ್ಕಿವೆ. ಒಂದೊಂದನ್ನೂ ಟೈಪ್ ಮಾಡಿ ಫೈಲ್ ಮಾಡಿಡಬೇಕು ಅಂತಿದ್ದೇನೆ. ಒಂದೇ ಪತ್ರಿಕೆಯಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ, ಕೆಲವದರಲ್ಲಿ ಉರ್ದು. ಅಕ್ಷರಗಳೋ ಬಳ್ಳಿಯ ಹಾಗೆ ಸುತ್ತಿಕೊಂಡಿವೆ. ಎಲ್ಲಿಂದ ಶುರು ಮಾಡಬೇಕು? ಬಾರ್ಡರ್, ಚಿತ್ರ ಇವನ್ನೆಲ್ಲ ಏನು ಮಾಡಬೇಕು? ಈ ಕೆಲಸ ಮಾಡಿದವರು ಇದ್ದರೆ ಹೇಳಿ.

ಕಾರ್ಡ್ ಡಿಸೈನರ್: ಮೂರು ಭಾಷೆ ಇದ್ದರೆ ಮೂರಕ್ಕೂ ಒಂದೇ ದಪ್ಪದ ಫಾಂಟ್ ಹಾಕಿ. ಹೆಸರುಗಳಿಗೆ ಮಾತ್ರ ಅಲಂಕಾರದ ಫಾಂಟ್ ಇರಲಿ, ತಾರೀಖು ವಿಳಾಸಕ್ಕೆ ಸಾದಾ ಫಾಂಟ್ ಸಾಕು. ಬಾರ್ಡರ್‌ಗೂ ಅಕ್ಷರಕ್ಕೂ ನಡುವೆ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ದರೆ ಕತ್ತರಿಸುವಾಗ ತೊಂದರೆ.

ಕೇಳಿದವರು: ಹೊಸದು ಮಾಡಿಸುತ್ತಿಲ್ಲ ಮೇಡಂ, ಹಳೆಯದನ್ನು ಓದಿ ಬರೆಯಬೇಕು ಅಷ್ಟೇ. ನಿಮ್ಮ ಮಾತು ಆ ಕಾಲದವರು ಕೇಳಿದ್ದರೆ ನನ್ನ ಕಣ್ಣು ಉಳಿಯುತ್ತಿತ್ತು.

ಮೊಳೆ ಜೋಡಿಸಿದವನು: ನಾನು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನು. ಇಂಥ ಪತ್ರಿಕೆಗಳನ್ನು ನೂರಾರು ಮಾಡಿದ್ದೇನೆ. ಈಗ ನೆಂಟರ ಪತ್ರಿಕೆಗಳನ್ನು ನಿಮ್ಮ ಹಾಗೆಯೇ ಟೈಪ್ ಮಾಡುತ್ತಿದ್ದೇನೆ.

ಮೊದಲು ಟೈಪ್ ಮಾಡಬೇಡಿ. ಒಂದು ಜೆರಾಕ್ಸ್ ತೆಗೆದು ಅದರ ಮೇಲೆ ಪೆನ್ಸಿಲ್‌ನಿಂದ ಚೌಕ ಹಾಕಿ. ಮುಖಪುಟ ಒಂದು ಚೌಕ. ಒಳಗಿನ ಎಡಪುಟದಲ್ಲಿ ಮೇಲಿನ ಸಾಲು ಒಂದು, ವರನ ಕಡೆಯದು ಒಂದು, ವಧುವಿನ ಕಡೆಯದು ಒಂದು, ತಾರೀಖು ಮತ್ತು ಜಾಗ ಒಂದು, ಕರೆಯುವವರ ಹೆಸರು ಒಂದು. ಆಮೇಲೆ ಚೌಕಗಳಿಗೆ ನಂಬರ್ ಹಾಕಿ. ಒಂದು ಚೌಕ ಪೂರ್ತಿ ಮುಗಿಸದೆ ಪಕ್ಕದ್ದಕ್ಕೆ ಹೋಗಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಅಕ್ಕಪಕ್ಕ ಎರಡು ಕಾಲಂ ಇರುತ್ತದೆ. ಕಣ್ಣು ಅಡ್ಡಕ್ಕೆ ಓದಿಬಿಡುತ್ತದೆ. ವರನ ಹೆಸರಿನ ಕೆಳಗೆ ವಧುವಿನ ತಂದೆಯ ಹೆಸರು ಬಂದು ಕೂರುತ್ತದೆ. ನಿಮಗೆ ಅವರು ಗೊತ್ತಿದ್ದರೆ ಸರಿ. ಐವತ್ತು ವರ್ಷ ಬಿಟ್ಟು ಓದುವವರಿಗೆ ಅದು ಬೇರೆಯೇ ಸಂಬಂಧ ಆಗುತ್ತದೆ.

ನಾನು ಬರೆಯುವುದು ಹೀಗೆ:

```
[ಮುಖಪುಟ]
[ಚಿತ್ರ: ಎರಡು ಹಂಸ; ಸುತ್ತ ಬಳ್ಳಿಯ ಬಾರ್ಡರ್]
ವಿವಾಹ ಆಹ್ವಾನ
[ಒಳಗೆ, ಎಡಪುಟ, ಕನ್ನಡ]
[ಎಡ ಕಾಲಂ]
ಚಿ॥ ...
[ಬಲ ಕಾಲಂ]
ಚಿ॥ ಸೌ॥ ...
[ಒಳಗೆ, ಬಲಪುಟ, ಇಂಗ್ಲಿಷ್]
```

ಚೌಕ ಬ್ರಾಕೆಟ್ಟಿನಲ್ಲಿ ಇರುವುದು ನನ್ನ ಮಾತು. ಹೊರಗೆ ಇರುವುದೆಲ್ಲ ಪತ್ರಿಕೆಯ ಮಾತು. ಇವೆರಡು ಬೆರೆಯಬಾರದು.

ಬಾರ್ಡರ್ ಬಗ್ಗೆ ಒಂದು ಗುಟ್ಟು. ಮೊಳೆ ಕಾಲದ ಬಾರ್ಡರ್ ಅಂದರೆ ಸಣ್ಣ ಸಣ್ಣ ಹೂವಿನ ತುಂಡುಗಳನ್ನು ಸಾಲಾಗಿ ಜೋಡಿಸಿದ್ದು. ಒಂದೇ ತುಂಡು ಮತ್ತೆ ಮತ್ತೆ ಬರುತ್ತದೆ. ಬಾರ್ಡರ್‌ಗೆ ತಾಗಿಕೊಂಡ ಗೆರೆ ಹೂವೋ ಅಕ್ಷರವೋ ಅನ್ನುವ ಅನುಮಾನ ಬಂದರೆ ಅಂಥದ್ದೇ ಗೆರೆ ಬಾರ್ಡರ್‌ನಲ್ಲಿ ಬೇರೆ ಕಡೆ ಇದೆಯಾ ನೋಡಿ. ಇದ್ದರೆ ಹೂವು. ಇಲ್ಲದಿದ್ದರೆ ಅಕ್ಷರದ ಬಾಲ, ಇಲ್ಲವೇ ನಮ್ಮಂಥವರು ಕಮ್ಮಿ ಬಿದ್ದಾಗ ತುರುಕಿದ ಬೇರೆ ತುಂಡು. ಕೈಯಲ್ಲಿ ಚಿತ್ರ ಬರೆದು ಬ್ಲಾಕ್ ಮಾಡಿಸಿದ ಬಾರ್ಡರ್‌ಗೆ ಇದು ನಡೆಯುವುದಿಲ್ಲ.

ಸ್ಕ್ಯಾನರ್ ಇರುವವನು: ಇಷ್ಟೆಲ್ಲ ಯಾಕೆ ಸರ್? ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರ ಓದುವ ಟೆಸೆರಾಕ್ಟ್ ಅನ್ನುವ ಸಾಫ್ಟ್‌ವೇರ್‌ಗೆ ಕೊಡಿ, ಅದೇ ಓದುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಒಟ್ಟಿಗೆ ಬರುತ್ತದೆ:

```
tesseract card.png card -l kan+eng --psm 6
```

ಮೊಳೆ ಜೋಡಿಸಿದವನು: ನಾನೂ ಮಾಡಿ ನೋಡಿದ್ದೇನೆ. 6 ಅಂದರೆ ಇಡೀ ಚಿತ್ರವನ್ನು ಒಂದೇ ತುಂಡು ಬರಹ ಅಂತ ತಿಳಿದು ಓದು ಅಂತ. ಪೂರ್ತಿ ಪತ್ರಿಕೆಗೆ ಕೊಟ್ಟರೆ ಎರಡು ಕಾಲಂ ಸೇರಿ ಒಂದೇ ಸಾಲಾಗುತ್ತದೆ. ಬಾರ್ಡರ್ ಹೂಗಳು ಇಂಗ್ಲಿಷ್ ಅಕ್ಷರ ಆಗಿ ಸಾಲಿನ ಎರಡು ತುದಿಯಲ್ಲೂ ಕೂರುತ್ತವೆ. ಆದರೆ ನೀವು ಪೂರ್ತಿ ತಪ್ಪಲ್ಲ. ಮೊದಲು ಬಾರ್ಡರ್ ಕತ್ತರಿಸಿ ತೆಗೆದು, ಒಂದೊಂದು ಚೌಕವನ್ನೂ ಬೇರೆ ಚಿತ್ರ ಮಾಡಿ, ಕನ್ನಡದ ಚೌಕಕ್ಕೆ ಬರೀ `-l kan` ಕೊಟ್ಟರೆ ಸಾದಾ ಅಕ್ಷರದ ಭಾಗ ಚೆನ್ನಾಗಿಯೇ ಬರುತ್ತದೆ. ಬಳ್ಳಿ ಅಕ್ಷರದ ಹೆಸರುಗಳನ್ನು ಕೈಯಲ್ಲೇ ಟೈಪ್ ಮಾಡಬೇಕು.

ಸ್ಕ್ಯಾನರ್ ಇರುವವನು: ಹೌದು, ಕಾಲಂ ವಿಷಯ ಮರೆತಿದ್ದೆ. ನಂದು ಒಂದೇ ಕಾಲಂನ ಪತ್ರಿಕೆ ಇತ್ತು. ಇನ್ನೊಂದು ಹೇಳ್ತೀನಿ. ಬಂಗಾರದ ಹಾಳೆ ಒತ್ತಿದ ಅಕ್ಷರ ಸ್ಕ್ಯಾನರ್‌ನಲ್ಲಿ ಕಪ್ಪಗೆ ಬರುತ್ತದೆ. ಹಿಂದೆ ಕೆಂಪು ಕಾಗದ ಇದ್ದರೆ ಏನೂ ಕಾಣಲ್ಲ. ಕಿಟಕಿಯ ಹತ್ತಿರ ಓರೆಯಾಗಿ ಹಿಡಿದು ಫೋನಿನಲ್ಲಿ ಫೋಟೋ ತೆಗೆಯಿರಿ, ಹೊಳೆಯುವ ಕೋನ ಸಿಕ್ಕಿತು ಅಂದರೆ ಎಲ್ಲ ಓದಬಹುದು. ಬಣ್ಣವಿಲ್ಲದೆ ಉಬ್ಬಿಸಿದ ಅಕ್ಷರಕ್ಕೂ ಇದೇ ಉಪಾಯ. ಉರ್ದು ಬಂದಾಗ ಮಾತ್ರ ತಾರೀಖು ಅತ್ತಿತ್ತ ಹೋಗುತ್ತದೆ. ನಾನು ಉಲ್ಟಾ ಟೈಪ್ ಮಾಡಿ ಸರಿ ಕಾಣುವ ಹಾಗೆ ಮಾಡಿಬಿಡುತ್ತೇನೆ.

ಉರ್ದು ಓದುವವಳು: ದಯವಿಟ್ಟು ಉಲ್ಟಾ ಟೈಪ್ ಮಾಡಬೇಡಿ. ನಿಮ್ಮ ಪರದೆಯಲ್ಲಿ ಸರಿ ಕಾಣಬಹುದು, ಬೇರೆ ಕಡೆ ತೆರೆದರೆ ಮತ್ತೆ ತಿರುಗುತ್ತದೆ. ಹುಡುಕಿದರೂ ಸಿಗುವುದಿಲ್ಲ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಆದರೆ ಅದರೊಳಗಿನ ಅಂಕಿಗಳು ಎಡದಿಂದ ಬಲಕ್ಕೇ. ಓದುವ ಕ್ರಮದಲ್ಲೇ ಟೈಪ್ ಮಾಡಿ, ತೋರಿಸುವುದನ್ನು ಕಂಪ್ಯೂಟರ್‌ಗೆ ಬಿಡಿ. ಉರ್ದು ಸಾಲಿನಲ್ಲಿ ಕನ್ನಡ ಅಥವಾ ಬ್ರಾಕೆಟ್ ಸೇರಿಸಬೇಡಿ. ಗೊಂದಲ ಆಗುವುದು ಎರಡೂ ಒಂದೇ ಸಾಲಿನಲ್ಲಿ ಇದ್ದಾಗ. ನಿಮ್ಮ ಟಿಪ್ಪಣಿ ಮೇಲಿನ ಸಾಲಿನಲ್ಲಿ, ಉರ್ದು ಅದರ ಕೆಳಗೆ.

ಇನ್ನೊಂದು ವಿಷಯ. ಮಡಚುವ ಪತ್ರಿಕೆಯಲ್ಲಿ ನೀವು ಹಿಂದಿನ ಪುಟ ಅಂದುಕೊಂಡಿದ್ದು ಉರ್ದುವಿನ ಮುಖಪುಟ ಇರಬಹುದು. ಎರಡು ಕಡೆಯಿಂದಲೂ ತೆರೆಯುವ ಪತ್ರಿಕೆ ಅದು. ಆಗ ಉರ್ದು ಭಾಗವನ್ನು ಆ ಕಡೆಯಿಂದಲೇ ಶುರು ಮಾಡಿ. ಇಲ್ಲದಿದ್ದರೆ ಕರೆದವರ ಹೆಸರು ಮೊದಲು ಬಂದು, ಮದುವೆ ಯಾರದ್ದು ಅನ್ನುವುದು ಕೊನೆಗೆ ಬರುತ್ತದೆ.

ಅತ್ತಿಗೆಯ ಪತ್ರಿಕೆ: ನಮ್ಮ ಅತ್ತಿಗೆಯ ಲಗ್ನಪತ್ರಿಕೆಯಲ್ಲಿ ಅವರ ಹೆಸರೇ ತಪ್ಪಾಗಿ ಅಚ್ಚಾಗಿದೆ. ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಇವತ್ತಿಗೂ ಅದನ್ನು ಹೇಳಿ ರೇಗಿಸುತ್ತೇವೆ. ಟೈಪ್ ಮಾಡುವಾಗ ನಾನು ಸರಿ ಮಾಡಿಬಿಟ್ಟೆ. ಮಾಡಬಾರದಿತ್ತಾ?

ಮೊಳೆ ಜೋಡಿಸಿದವನು: ಅಚ್ಚಾದದ್ದನ್ನು ಹಾಗೇ ಬಿಡಿ, ಪಕ್ಕದಲ್ಲಿ ಬ್ರಾಕೆಟ್ಟಿನಲ್ಲಿ ಸರಿ ಹೆಸರು ಬರೆಯಿರಿ. ತಪ್ಪು ನಮ್ಮದು, ಅದು ನಮ್ಮ ಹೆಸರಿನಲ್ಲೇ ಉಳಿಯಲಿ.

ಅತ್ತಿಗೆಯ ಪತ್ರಿಕೆ: ಅತ್ತಿಗೆ ಒಪ್ಪುವುದಿಲ್ಲ. ಫೈಲಿನಲ್ಲಾದರೂ ನನ್ನ ಹೆಸರು ನೆಟ್ಟಗಿರಲಿ ಅಂತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ, ಇದು ಮನೆಯವರಿಗೆ ತಾನೇ.

ಕೇಳಿದವರು: ಚೌಕ ಹಾಕಿ ಒಂದು ಮುಗಿಸಿದೆ. 1976ರದು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಕನ್ನಡ ಪುಟದಲ್ಲಿ "ಮೇ ೧೬, ಭಾನುವಾರ" ಅಂತ ಇದೆಯೋ "ಮೇ ೧೯" ಅಂತ ಇದೆಯೋ ಗೊತ್ತಾಗುತ್ತಿಲ್ಲ, ಅಂಕಿಯ ಬಾಲ ಹೂವಿನೊಳಗೆ ಹೋಗಿದೆ. ಇಂಗ್ಲಿಷ್ ಪುಟದಲ್ಲಿ ಸೋಮವಾರ 17 ಅಂತ ಬೇರೆಯೇ ತಾರೀಖು. ವರನ ತಂದೆಯ ಇನಿಶಿಯಲ್ ಹಳೆಯ ಚರ್ಚ್ ಪುಸ್ತಕದ ಥರದ ಅಕ್ಷರದಲ್ಲಿದೆ, ಎಸ್ ಇರಬಹುದು, ಜಿ ಕೂಡ ಇರಬಹುದು. ಕನ್ನಡದ ತಾರೀಖನ್ನೂ 17 ಅಂತ ಮಾಡಿಬಿಡಲಾ?

ಮೊಳೆ ಜೋಡಿಸಿದವನು: ಬೇಡ ಬೇಡ. ಎರಡು ಭಾಷೆ ಇದೆ ಅಂದ ಮಾತ್ರಕ್ಕೆ ಒಂದು ಇನ್ನೊಂದರ ಅನುವಾದ ಅಲ್ಲ. ಇಂಗ್ಲಿಷ್ ಪುಟದಲ್ಲಿ ರಿಸೆಪ್ಷನ್ ಅನ್ನುವ ಪದ ಇದೆಯಾ ನೋಡಿ. ಮದುವೆಗೆ ಒಂದು ಭಾಷೆ, ಸಂಜೆಯ ಆರತಕ್ಷತೆಗೆ ಇನ್ನೊಂದು ಭಾಷೆ ಅಂತ ನಾವೇ ಅಚ್ಚು ಹಾಕಿದ್ದೇವೆ.

ತಾರೀಖಿಗೆ ವಾರವನ್ನು ಹಿಡಿಯಿರಿ. ಅಂಕಿ ಅಳಿಸಿದರೂ ವಾರದ ಹೆಸರು ಉದ್ದ ಇರುವುದರಿಂದ ಉಳಿದಿರುತ್ತದೆ. ಫೋನಿನ ಕ್ಯಾಲೆಂಡರ್‌ನಲ್ಲಿ 1976ರ ಮೇ ತೆಗೆಯಿರಿ. 16 ಭಾನುವಾರ, 19 ಬುಧವಾರ. ಹಾಗಾದರೆ ಪತ್ರಿಕೆಯಲ್ಲಿರುವುದು ೧೬. ಮಾರನೇ ದಿನ ಸೋಮವಾರ 17, ಅದೂ ಹೊಂದುತ್ತದೆ. ಅಲಂಕಾರದ ಅಚ್ಚಿನಲ್ಲಿ ೬ ಮತ್ತು ೯ ಬಹಳ ಮೋಸ ಮಾಡುತ್ತವೆ.

ಇನಿಶಿಯಲ್‌ಗೆ ಹಾಗೆ ಊಹೆ ಮಾಡಲು ಬರುವುದಿಲ್ಲ, ಹಿಂದೆ ಮುಂದೆ ಪದವೇ ಇರುವುದಿಲ್ಲವಲ್ಲ. ಅದೇ ಪುಟದಲ್ಲಿ ಅದೇ ಅಕ್ಷರದಿಂದ ಶುರುವಾಗುವ ಗೊತ್ತಿರುವ ಪದ ಹುಡುಕಿ. ಆಮೇಲೆ ಕನ್ನಡ ಪುಟದ ಹೆಸರು ನೋಡಿ.

ಕೇಳಿದವರು: ರಿಸೆಪ್ಷನ್ ಅಂತಲೇ ಇದೆ! ನಾನು ಅದನ್ನು ಓದಿಯೇ ಇರಲಿಲ್ಲ. ಕನ್ನಡ ಪುಟದಲ್ಲಿ "ಎಸ್." ಅಂತ ಸ್ಪಷ್ಟವಾಗಿದೆ. ಇಂಗ್ಲಿಷ್ ಪುಟದಲ್ಲಿ ಶ್ರೀ ಅನ್ನುವುದರ ಮೊದಲ ಅಕ್ಷರವೂ ಅದೇ ಆಕಾರ. ಹಾಗಾದರೆ ಎಸ್.

ಸ್ಕ್ಯಾನರ್ ಇರುವವನು: ಅಂಕಿ ಅಂದಾಗ ನೆನಪಾಯಿತು. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ನನ್ನ ಫೈಲುಗಳಲ್ಲಿ ಮುಹೂರ್ತ "೧ಂ-೩ಂ" ಅಂತ ಬಂದಿತ್ತು. ಕಣ್ಣಿಗೆ ಸರಿ, ಹುಡುಕಿದರೆ ಸಿಗುತ್ತಿರಲಿಲ್ಲ. ಟೈಪ್ ಮಾಡಿದ ಮೇಲೆ ಅಂಕಿಯ ಪಕ್ಕ `ಂ` ಇದೆಯಾ ಅಂತ ಒಮ್ಮೆ ಹುಡುಕಿ.

ಅತ್ತಿಗೆಯ ಪತ್ರಿಕೆ: ನಮ್ಮಲ್ಲಿ ಒಂದರ ಪಿಡಿಎಫ್ ಇದೆ, ಕಾಗದವೇ ಬೇಡ. ಆದರೆ ಕಾಪಿ ಮಾಡಿದರೆ `PÀ£ÀßqÀ` ಅಂತ ಏನೇನೋ ಬರುತ್ತದೆ. ಫೈಲ್ ಕೆಟ್ಟಿದೆಯಾ?

ಸ್ಕ್ಯಾನರ್ ಇರುವವನು: ಕೆಟ್ಟಿಲ್ಲ. ಅದೇ "ಕನ್ನಡ" ಅನ್ನುವ ಪದ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನದು. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಇದೆ, ಅದಕ್ಕೆ ಹಾಕಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಕ್ಕೆ ಮೊದಲು. ಪತ್ರಿಕೆಯಲ್ಲಿ ಮುಹೂರ್ತ ಅನ್ನುವುದು ಇದ್ದೇ ಇರುತ್ತದಲ್ಲ, ಅದು ಸರಿ ಬಂದಿದೆಯಾ ನೋಡಿದರೆ ಪರಿವರ್ತಕದ ಕೈಗುಣ ಗೊತ್ತಾಗುತ್ತದೆ.

ಕೇಳಿದವರು: ಒಂದು ಉಳಿಯಿತು. ಪತ್ರಿಕೆಯಲ್ಲಿ ೧೯೭೬ ಅಂತಿರುವುದನ್ನು ಹಾಗೇ ಬಿಡಲಾ, 1976 ಮಾಡಲಾ?

ಮೊಳೆ ಜೋಡಿಸಿದವನು: ಹಾಗೇ ಬಿಡಿ. ಅದೂ ಪತ್ರಿಕೆಯ ಮಾತೇ.

ಸ್ಕ್ಯಾನರ್ ಇರುವವನು: ನಾನಾದರೆ ಬದಲಾಯಿಸುತ್ತೇನೆ. ಮುಂದೆ ಹುಡುಕುವ ಮಕ್ಕಳು 1976 ಅಂತಲೇ ಒತ್ತುವುದು.

ಕೇಳಿದವರು: ಒಳಗೆ ೧೯೭೬ ಇರಲಿ, ಫೈಲಿನ ಹೆಸರಿನಲ್ಲಿ 1976 ಹಾಕುತ್ತೇನೆ. ಇವತ್ತು ರಾತ್ರಿ ಉರ್ದು ಇರುವುದನ್ನು ತೆಗೆಯುತ್ತೇನೆ. ಅದರ ನಾಲ್ಕೂ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಒಂದೇ ಸಾಲು ಸುತ್ತಿ ಬಂದಿದೆ, ಎಲ್ಲಿ ಶುರು ಅಂತ ಗೊತ್ತಾಗುತ್ತಿಲ್ಲ.

ಉರ್ದು ಓದುವವಳು: ಮೇಲಿನ ಬಲ ಮೂಲೆಯಿಂದ ನೋಡಿ. ಒಂದೇ ಸಾಲು ತಿರುಗಿ ತಿರುಗಿ ಬಂದಿದ್ದರೆ ಒಮ್ಮೆ ಬರೆದು, ಎಷ್ಟು ಸಲ ಇದೆ ಅಂತ ಬ್ರಾಕೆಟ್ಟಿನಲ್ಲಿ ಹಾಕಿ. ಒಂದು ಫೋಟೋ ಕಳಿಸಿ, ಹೆಸರುಗಳನ್ನು ಮುಚ್ಚಿ.