ಬೆಳಗಿನ ಜಾವದ ‘ಧಡ್’: ನಿಮ್ಮ ಮನೆಯಲ್ಲೂ ಕೇಳಿಸುತ್ತಿದೆಯೇ?

ಮನೆ 204, ಸೋಮವಾರ ಬೆಳಿಗ್ಗೆ 7:12
ಎಲ್ಲರಿಗೂ ನಮಸ್ಕಾರ. ಹತ್ತು ದಿನಗಳಿಂದ ಬೆಳಗಿನ ಜಾವ ಮೇಲಿನಿಂದ ಭಾರವಾದ ವಸ್ತುವನ್ನು ಕುಕ್ಕಿದ ಹಾಗೆ ‘ಧಡ್’ ಎಂದು ಶಬ್ದ ಬರುತ್ತಿದೆ. ಒಂದೇ ಏಟು, ಆಮೇಲೆ ಏನೂ ಇಲ್ಲ. ನಮ್ಮ ಅತ್ತೆಯವರಿಗೆ ಒಮ್ಮೆ ಎಚ್ಚರವಾದರೆ ಮತ್ತೆ ನಿದ್ರೆ ಹತ್ತುವುದಿಲ್ಲ. ನಾನು ಯಾರ ಹೆಸರನ್ನೂ ಹೇಳುತ್ತಿಲ್ಲ. ಸಂಬಂಧಪಟ್ಟವರು ದಯವಿಟ್ಟು ಗಮನಿಸಬೇಕು.

ಮನೆ 203, 7:20
204ರ ಮೇಲೆ ಯಾವ ಮನೆ ಇದೆ ಎಂದು ತಿಳಿಯಲು ಪಂಚಾಂಗ ನೋಡಬೇಕಾಗಿಲ್ಲ. ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಎಲ್ಲಿದೆ ಎನ್ನುವುದೂ ಎಲ್ಲರಿಗೂ ಗೊತ್ತು.

ಮನೆ 101, 7:31
ಇದಕ್ಕೆ ಕಾನೂನೇ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬೆಲ್. ಮೊಬೈಲಿನಲ್ಲಿ ಅಳೆಯುವ ಆ್ಯಪ್ ಇದೆ. 45 ದಾಟಿದರೆ 112ಕ್ಕೆ ಕರೆ ಮಾಡಿ, ಮುಗಿಯಿತು.

ಮನೆ 304, 7:44
ಹೆಸರು ಹೇಳಿಲ್ಲವಂತೆ! ನನ್ನ ಮೂಗು ಬಾಯಿ ಎಲ್ಲವನ್ನೂ ಬರೆದು ಹೆಸರೊಂದನ್ನು ಬಿಟ್ಟಿದ್ದೀರಿ. ನಾನು ಗ್ರೈಂಡರ್ ಹಾಕುವುದು ಆರು ಗಂಟೆಯ ಮೇಲೆ. ನನಗೂ ಆ ಶಬ್ದ ಕೇಳಿಸುತ್ತದೆ, ನಾನೂ ಯಾರನ್ನೋ ಬೈದುಕೊಂಡು ಮಗ್ಗುಲು ಬದಲಿಸಿದ್ದೇನೆ.

ಮನೆ 202, 7:50
ಹೌದು, ಈ ತೊಂದರೆ ಬಗೆಹರಿಯಲೇಬೇಕು. ಹಾಸನಾಂಬ ದರ್ಶನ ಶುರುವಾದಾಗಿನಿಂದ ದಿನಕ್ಕೊಬ್ಬರ ನೆಂಟರು ನನ್ನ ಜಾಗದಲ್ಲಿ ಕಾರು ನಿಲ್ಲಿಸಿ ಹೋಗುತ್ತಿದ್ದಾರೆ. ಫೋಟೋ ಹಾಕಿದ್ದೇನೆ, ನಂಬರ್ ಸ್ಪಷ್ಟವಾಗಿ ಕಾಣಿಸುತ್ತದೆ.

ಮನೆ 301 (ಕಾರ್ಯದರ್ಶಿ), 8:15
202ರವರೇ, ಇದು ಶಬ್ದದ ವಿಷಯ. ಕಾರಿನದಕ್ಕೆ ಬೇರೆ ಸಂದೇಶ ಹಾಕಿ. ಮೊದಲು ಆ ಫೋಟೋ ತೆಗೆಯಿರಿ. ನಂಬರ್ ಪ್ಲೇಟ್ ಹಾಕಿದರೆ ಹೆಸರು ಹಾಕಿದ ಹಾಗೆಯೇ. ಯಾವ ಜಾಗ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಅದರಿಂದ ನಿಮಗೆ ಏನು ತೊಡಕಾಯಿತು, ಇಷ್ಟು ಬರೆದರೆ ಸಾಕು.

203ರವರ ಸಂದೇಶವನ್ನು ಅವರೇ ಅಳಿಸಿದರೆ ಒಳ್ಳೆಯದು.

204ರಮ್ಮ, ನೀವು ಎಚ್ಚರಿಕೆಯಿಂದಲೇ ಬರೆದಿದ್ದೀರಿ, ಆದರೂ ಎರಡು ಕಡೆ ಜಾರಿದೆ. ‘ಮೇಲಿನಿಂದ’ ಎಂದ ತಕ್ಷಣ ಒಂದು ಬಾಗಿಲು ತೋರಿಸಿದ ಹಾಗಾಯಿತು, ಏಕೆಂದರೆ ನಿಮ್ಮ ಸೂರಿನ ಮೇಲೆ ನೇರವಾಗಿ ಇರುವುದು ಒಂದೇ ಮನೆ. ‘ಕುಕ್ಕಿದ ಹಾಗೆ’ ಎಂದಾಗ ಅಲ್ಲಿ ಕುಕ್ಕುವ ಒಬ್ಬ ಮನುಷ್ಯ ಬಂದು ನಿಂತ. ನಿಮಗೆ ಗೊತ್ತಿರುವುದು ಶಬ್ದ ಮಾತ್ರ. ‘ಸಂಬಂಧಪಟ್ಟವರು’ ಎಂಬ ಪದವಂತೂ ಕಚೇರಿಯ ನೋಟಿಸಿನದು. ಅದನ್ನು ಓದಿದ ಹದಿನಾರು ಮನೆಯವರಲ್ಲಿ ಹದಿನೈದು ಮನೆಯವರು ಅದು ತಮಗಲ್ಲ ಎಂದುಕೊಳ್ಳುತ್ತಾರೆ, ಒಬ್ಬರಿಗೆ ಮಾತ್ರ ಚುಚ್ಚುತ್ತದೆ. ಗಮನಿಸಿ ಎನ್ನುವ ಬದಲು ನಿಮಗೂ ಕೇಳಿಸುತ್ತದೆಯೇ ಎಂದು ಕೇಳಿ ನೋಡಿ.

ಮನೆ 204, 9:05
ಒಪ್ಪಿದೆ. 304ರ ಅಕ್ಕ, ನಾನು ನಿಮ್ಮನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿದ್ದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಕ್ಷಮಿಸಿ. ಹಳೆಯದನ್ನು ಅಳಿಸಿ ಮತ್ತೆ ಬರೆಯುತ್ತಿದ್ದೇನೆ:

“ಹತ್ತು ದಿನಗಳಿಂದ ಬೆಳಿಗ್ಗೆ ನಾಲ್ಕೂವರೆಯಿಂದ ಐದರ ಒಳಗೆ ಒಮ್ಮೆ ‘ಧಡ್’ ಎಂಬ ಶಬ್ದ ನಮ್ಮ ಅಡುಗೆಮನೆ ಮತ್ತು ಅದರ ಪಕ್ಕದ ಕೋಣೆಯಲ್ಲಿ ಕೇಳಿಸುತ್ತಿದೆ. ಸ್ಟ್ಯಾಂಡಿನಲ್ಲಿರುವ ಸ್ಟೀಲ್ ತಟ್ಟೆಗಳು ಕಿಣಿ ಎನ್ನುತ್ತವೆ. ಮುಂದಿನ ಕೋಣೆಯಲ್ಲಿ ಕೇಳಿಸುವುದಿಲ್ಲ. ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲೂ ಕೇಳಿಸುತ್ತಿದ್ದರೆ ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ ಎಂದು ಶನಿವಾರದವರೆಗೆ ಬರೆದಿಟ್ಟು ಇಲ್ಲಿ ಹಾಕುತ್ತೀರಾ?”

ಮನೆ 402, 9:40
ಈಗ ಇದು ಕೆಲಸಕ್ಕೆ ಬರುವ ದೂರು. ನೀರು ಸರಬರಾಜಿನ ಪಂಪ್‌ಹೌಸುಗಳಲ್ಲಿ ಮೂವತ್ತು ವರ್ಷ ಕಳೆದವನು ನಾನು, ಅದೇ ಕಿವಿಯಿಂದ ಓದಿದೆ. ತಟ್ಟೆ ಕಿಣಿ ಎನ್ನುವುದು, ಒಂದು ಕೋಣೆಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಗ್ರೈಂಡರ್ ಒಂದು ಏಟಿಗೆ ನಿಲ್ಲುವ ಯಂತ್ರವಲ್ಲ, ಇಪ್ಪತ್ತು ನಿಮಿಷ ಗುರುಗುಡುತ್ತದೆ. ಶನಿವಾರದವರೆಗೆ ನಾನು ಹೆಚ್ಚು ಹೇಳುವುದಿಲ್ಲ. ಹೇಳಿದರೆ ಎಲ್ಲರಿಗೂ ಅದೇ ಕೇಳಿಸಲು ಶುರುವಾಗುತ್ತದೆ.

101ರವರೇ, ನೀವು ಕೊಟ್ಟ 45 ಸರಿ. ಆದರೆ ಅದು ಆ ಪ್ರದೇಶದ ಒಟ್ಟು ಶಬ್ದವನ್ನು ಅಷ್ಟು ಹೊತ್ತು ಅಳೆದು ತೆಗೆಯುವ ಸರಾಸರಿಗೆ ಹಾಕಿದ ಮಿತಿ, ಅರೆ ಸೆಕೆಂಡಿನ ಒಂದು ಏಟಿಗೆ ಅಲ್ಲ. ಮೊಬೈಲಿನ ಮೈಕ್ ಮಾತು ಕೇಳಿಸಲು ಮಾಡಿದ್ದು. ಒಂದೇ ಕೋಣೆಯಲ್ಲಿ ಎರಡು ಮೊಬೈಲ್ ಇಟ್ಟು ನೋಡಿ, ಎರಡೂ ಬೇರೆ ಬೇರೆ ಅಂಕಿ ತೋರಿಸುತ್ತವೆ. ಮಧ್ಯರಾತ್ರಿ ಯಾರಾದರೂ ಧ್ವನಿವರ್ಧಕ ಹಾಕಿದರೆ ನಾನೇ 112ಕ್ಕೆ ಕರೆ ಮಾಡುತ್ತೇನೆ. ಇದಕ್ಕೆ ಪೊಲೀಸರು ಬಂದು ಯಾರ ಮನೆಯ ಬಾಗಿಲು ತಟ್ಟಬೇಕು?

ಮನೆ 101, 9:52
ಅಂಕಿ ಸರಿ ಎಂದು ಒಪ್ಪಿದಿರಲ್ಲ, ಅಷ್ಟು ಸಾಕು.

ಮನೆ 404, ಮಂಗಳವಾರ ಬೆಳಿಗ್ಗೆ 5:02
ಈಗಷ್ಟೇ ಆಯಿತು. 4:51. ಅಡುಗೆಮನೆ. ಮೇಲಿನಿಂದಲೇ ಬಂತು, ನನಗೆ ಅನುಮಾನವೇ ಇಲ್ಲ.

ಮನೆ 304, 6:10
ಅಂಕಲ್, ನಿಮ್ಮ ಮೇಲೆ ಯಾರೂ ಇಲ್ಲ. ಟ್ಯಾಂಕ್ ಇದೆ, ಪಾರಿವಾಳಗಳಿವೆ.

ಮನೆ 104, ಬುಧವಾರ ಬೆಳಿಗ್ಗೆ 7:30
ನಮ್ಮಲ್ಲಿ ಇನ್ನೂ ಜೋರು. ಇವತ್ತು 4:36ಕ್ಕೆ. ನೆಲದ ಕೆಳಗಿನಿಂದ ಬಂದ ಹಾಗೆ ಅನಿಸಿತು. ಬಚ್ಚಲುಮನೆಯಲ್ಲಿದ್ದರೆ ಗೋಡೆಯೇ ಹೊಡೆದುಕೊಂಡ ಹಾಗಾಗುತ್ತದೆ. ಮಧ್ಯಾಹ್ನ ಎರಡರ ಸುಮಾರಿಗೂ ಒಮ್ಮೆ ಇದೇ ಶಬ್ದ ಕೇಳಿದ್ದೇನೆ. ಆಗ ಮನೆಯಲ್ಲಿ ಇರುವವಳು ನಾನೊಬ್ಬಳೇ, ಬೇರೆ ಯಾರಿಗೂ ಗೊತ್ತಾಗಿಲ್ಲ.

ಮನೆ 102, 8:00
ನಮಗೆ ಏನೂ ಕೇಳಿಸಿಲ್ಲ. ಸಾಲಗಾಮೆ ರಸ್ತೆಯ ಮೊದಲ ಬಸ್ ಕೇಳಿಸುತ್ತದೆ, ಅಷ್ಟೇ.

ಮನೆ 204, ಶನಿವಾರ ಸಂಜೆ 6:30
ಬಂದದ್ದನ್ನೆಲ್ಲ ಒಟ್ಟು ಮಾಡಿದ್ದೇನೆ. ಕೇಳಿಸಿದವರು 104, 203, 204, 304, 403, 404. ಎಲ್ಲವೂ 3 ಮತ್ತು 4ರ ಸಾಲಿನ ಮನೆಗಳು. 1 ಮತ್ತು 2ರ ಸಾಲಿನಲ್ಲಿ ಒಬ್ಬರಿಗೂ ಕೇಳಿಸಿಲ್ಲ. ಸಮಯ 4:51, 4:36, 4:49, 4:38, 4:52. ಒಂದೇ ದಿನ ಬೇರೆ ಬೇರೆ ಮನೆಯವರು ಬರೆದ ಸಮಯದಲ್ಲಿ ಒಂದೆರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲ. 203ರವರೂ ಬರೆದುಕೊಟ್ಟರು, ಅದಕ್ಕೆ ಧನ್ಯವಾದ.

304ರ ಅಕ್ಕ ಹೇಳದೇ ಇದ್ದ ಒಂದು ವಿಷಯ ಇವತ್ತು ಮೆಟ್ಟಿಲ ಮೇಲೆ ತಿಳಿಯಿತು. ಈ ವಾರವೆಲ್ಲ ಅವರು ಗ್ರೈಂಡರನ್ನು ಸಂಜೆ ಮಾತ್ರ ಹಾಕಿದ್ದಾರೆ.

ಮನೆ 402, 7:15
3 ಮತ್ತು 4ರ ಸಾಲಿನ ನಡುವೆ ಇರುವುದು ಪೈಪಿನ ಡಕ್ಟ್. ಸಂಪಿನಿಂದ ಟ್ಯಾಂಕಿಗೆ ಹೋಗುವ ಒಂದೂವರೆ ಇಂಚಿನ ಪೈಪ್ ಅದರಲ್ಲೇ ಏರುತ್ತದೆ. ಕಾವಲುಗಾರರು ನಾಲ್ಕೂಕಾಲಿಗೆ ಮೋಟಾರ್ ಹಾಕುತ್ತಾರೆ, ಟ್ಯಾಂಕ್ ತುಂಬಿದಾಗ ಅದು ತಾನೇ ನಿಲ್ಲುತ್ತದೆ. ಹಿಂದಿನ ದಿನ ನೀರು ಎಷ್ಟು ಖರ್ಚಾಗಿದೆ ಎನ್ನುವುದರ ಮೇಲೆ ನಿಲ್ಲುವ ಹೊತ್ತು ಹಿಂದೆ ಮುಂದೆ ಆಗುತ್ತದೆ. ನಿಮ್ಮ 4:36, 4:52 ಆಡುತ್ತಿರುವುದು ಹಾಗೆಯೇ. ಮನುಷ್ಯ ಎದ್ದು ಮಾಡುವ ಕೆಲಸವಾಗಿದ್ದರೆ ಅದು ಅಲಾರಂ ಹೊಡೆಯುವ ಹೊತ್ತಿಗೆ ಅಂಟಿಕೊಂಡಿರುತ್ತಿತ್ತು.

ಇನ್ನೂ ಇದು ಅನುಮಾನವೇ. ನಾಳೆ 11ಕ್ಕೆ ಪರೀಕ್ಷೆ ಮಾಡೋಣ. 104, 204, 404ರವರು ಅಡುಗೆಮನೆಯಲ್ಲಿ ನಿಲ್ಲಿ, ಟಿವಿ, ಫ್ಯಾನ್ ಆರಿಸಿ. ಮೋಟಾರ್ ಯಾವಾಗ ಹಾಕುತ್ತೇವೆ, ಯಾವಾಗ ಆರಿಸುತ್ತೇವೆ ಎಂದು ಮೊದಲೇ ಹೇಳುವುದಿಲ್ಲ. ಶಬ್ದ ಕೇಳಿದ ಕ್ಷಣ ಇಲ್ಲಿ ಒಂದು ಚುಕ್ಕೆ ಹಾಕಿ.

ಮನೆ 104, ಭಾನುವಾರ 11:17
.

ಮನೆ 204, 11:17
.
ತಟ್ಟೆಗಳೂ!

ಮನೆ 404, 11:18
. ಮೇಲಿನಿಂದ.

ಮನೆ 402, 11:30
11:17ಕ್ಕೆ ಮೋಟಾರ್ ಆರಿಸಿದೆವು. ಪೈಪಿನ ಮೇಲೆ ನನ್ನ ಕೈ ಇತ್ತು, ಕತ್ತೆ ಒದ್ದ ಹಾಗೆ ಒದ್ದಿತು. ಎರಡು ಸಲ ಮತ್ತೆ ಮಾಡಿದೆವು, ಎರಡು ಸಲವೂ ಹಾಗೆಯೇ.

ಆಗುತ್ತಿರುವುದು ಇಷ್ಟು. ಮೋಟಾರ್ ನಿಂತಾಗ ನಾಲ್ಕು ಮಹಡಿಯ ಪೈಪಿನಲ್ಲಿರುವ ನೀರು ಕೆಳಗೆ ಮರಳಲು ನೋಡುತ್ತದೆ. ಅದನ್ನು ತಡೆಯಲು ಮೋಟಾರಿನ ಪಕ್ಕ ಒಂದು ಎನ್‌ಆರ್‌ವಿ ವಾಲ್ವ್ ಇದೆ, ಒಳಗೆ ಬಾಗಿಲಿನ ಹಾಗೆ ಕೀಲಿನ ಮೇಲೆ ಆಡುವ ಬಿಲ್ಲೆ. ಕೀಲು ಸವೆದರೆ ಬಿಲ್ಲೆ ತಡವಾಗಿ ಬೀಳುತ್ತದೆ. ಅಷ್ಟರಲ್ಲಿ ನೀರು ಹಿಂದಕ್ಕೆ ವೇಗ ಹಿಡಿದಿರುತ್ತದೆ, ಆ ವೇಗದಲ್ಲಿ ಬಾಗಿಲು ಬಡಿದ ಹಾಗೆ ಬಡಿಯುತ್ತದೆ. ಪೈಪನ್ನು ಕ್ಲಾಂಪ್ ಹಾಕಿ ನೇರವಾಗಿ ಗೋಡೆಗೆ ಬಿಗಿದಿರುವುದರಿಂದ ಏಟು ಕಾಂಕ್ರೀಟಿನಲ್ಲಿ ಹರಡುತ್ತದೆ. ಹಾಗೆ ಬಂದ ಶಬ್ದಕ್ಕೆ ದಿಕ್ಕು ಹಿಡಿಯಲು ಕಿವಿಗೆ ಆಗುವುದಿಲ್ಲ. 104ಕ್ಕೆ ಕೆಳಗಿನಿಂದ, 404ಕ್ಕೆ ಮೇಲಿನಿಂದ ಕೇಳಿಸಿದ್ದು ಅದಕ್ಕೇ. ಮೇಲೆ ಮನೆಯೇ ಇಲ್ಲದವರೂ ಮೇಲಿನಿಂದ ಬಂತು ಎಂದ ದಿನವೇ ನನಗೆ ಅರ್ಧ ಗೊತ್ತಾಗಿತ್ತು.

ಸ್ಪ್ರಿಂಗ್ ಇರುವ ವಾಲ್ವ್ ಹಾಕಿದರೆ ನೀರು ಹಿಂದಕ್ಕೆ ತಿರುಗುವ ಮೊದಲೇ ಅದು ಮುಚ್ಚಿಕೊಳ್ಳುತ್ತದೆ. ಕ್ಲಾಂಪುಗಳ ಕೆಳಗೆ ರಬ್ಬರ್ ಕೊಡಿಸಬೇಕು. ಪ್ಲಂಬರ್ ಕೂಲಿ ಸೇರಿಸಿ 2,800 ರೂಪಾಯಿ ಹೇಳಿದ್ದಾರೆ.

ಮನೆ 101, 11:41
ಕೇಳಿಸದ ಸಾಲಿನವರೂ ಹಣ ಕೊಡಬೇಕೇ?

ಮನೆ 301 (ಕಾರ್ಯದರ್ಶಿ), 11:43
ನೀರು ನಿಮ್ಮ ಸಾಲಿಗೂ ಅದೇ ಪೈಪಿನಿಂದ ಬರುತ್ತದೆ. ನಿರ್ವಹಣೆ ನಿಧಿಯಿಂದ ಕೊಡುತ್ತೇವೆ. ಆಕ್ಷೇಪವಿದ್ದರೆ ಸಭೆಯಲ್ಲಿ ಹೇಳಿ.

ಮನೆ 204, ಗುರುವಾರ ಬೆಳಿಗ್ಗೆ 6:40
ವಾಲ್ವ್ ಬದಲಿಸಿ ಎರಡು ದಿನವಾಯಿತು. ಅತ್ತೆಯವರು ಇವತ್ತು ಆರೂವರೆಗೆ ಎದ್ದು, ಯಾಕೆ ಎಬ್ಬಿಸಲಿಲ್ಲ ಎಂದು ನನ್ನನ್ನು ಕೇಳಿದರು.

ಮನೆ 404, 7:05
‘ಧಡ್’ ನಿಂತಿದೆ. ಈಗ ರಾತ್ರಿ ಹನ್ನೊಂದಕ್ಕೆ ಕುರ್ಚಿ ಎಳೆದ ಶಬ್ದ ಕೇಳಿಸುತ್ತಿದೆ. ಎಲ್ಲಿಂದ ಎಂದು ನಾನು ಹೇಳುವುದಿಲ್ಲ.

ಮನೆ 402, 7:20
ಅದಕ್ಕೆ ವಾಲ್ವ್ ಇಲ್ಲ. ಒಂದು ವಾರ ಬರೆದಿಡಿ.

ಮನೆ 203, 7:48
304ರವರೇ, ಆ ದಿನ ನಾನು ಬರೆದದ್ದು ತಪ್ಪಾಯಿತು. ಅಳಿಸಿದ್ದೇನೆ. ಭಾನುವಾರಕ್ಕೆ ಎರಡು ಲೀಟರ್ ಹಿಟ್ಟು ಸಿಗುತ್ತದೆಯೇ?

ಮನೆ 304, 8:30
ಭಾನುವಾರದ ಆರ್ಡರ್ ತುಂಬಿದೆ. ಸೋಮವಾರ ಕೇಳಿ. ಡಬ್ಬಿ ನೀವೇ ತರಬೇಕು.

ಮನೆ 202, 8:34
ನನ್ನ ಕಾರಿನ ಜಾಗದ ವಿಷಯ ಏನಾಯಿತು? ಕಾರ್ಯದರ್ಶಿಗಳು ಹೇಳಿದ ಹಾಗೆಯೇ ಬರೆದಿದ್ದೆ: “ನೆಲಮಹಡಿಯ ಎಡ ಮೂಲೆಯ ಜಾಗ, ಮಂಗಳವಾರ ಸಂಜೆ 7ರಿಂದ 9:30, ನಾನು ರಸ್ತೆಯಲ್ಲಿ ನಿಲ್ಲಿಸಬೇಕಾಯಿತು.” ಮೂರು ಜನ ಕೈ ಮುಗಿಯುವ ಚಿತ್ರ ಹಾಕಿದ್ದಾರೆ. ಕಾರು ಇವತ್ತೂ ಅಲ್ಲೇ ಇದೆ.