ನಿಲುಗಡೆ ವಿಭವದ ರೇಖೆ: h ಸರಿ ಬಂದರೂ ಕಾರ್ಯಫಲನ ಏಕೆ ತಪ್ಪುತ್ತದೆ?

ಬಿ.ಎಸ್ಸಿ. ವಿದ್ಯಾರ್ಥಿನಿ: ಪಾದರಸದ ದೀಪ, ಬಣ್ಣದ ಫಿಲ್ಟರ್‌ಗಳು ಮತ್ತು ಪೊಟ್ಯಾಸಿಯಂ ಕ್ಯಾಥೋಡ್ ಇರುವ ನಳಿಕೆ ಬಳಸಿ ದ್ಯುತಿವಿದ್ಯುತ್ ಪರಿಣಾಮದ ಪ್ರಯೋಗ ಮಾಡಿದೆವು. ಪ್ರವಾಹವನ್ನು ಸೊನ್ನೆಗೆ ಇಳಿಸಿದ ನಿಲುಗಡೆ ವಿಭವಗಳು: 365 ನ್ಯಾನೋಮೀಟರ್‌ಗೆ 1.80 ವೋಲ್ಟ್, 405ಕ್ಕೆ 1.46, 436ಕ್ಕೆ 1.24, 546ಕ್ಕೆ 0.66, 578ಕ್ಕೆ 0.65. ಆವೃತ್ತಿಗೆ ಎದುರಾಗಿ ರೇಖೆ ಎಳೆದರೆ ಪ್ಲಾಂಕ್ ಸ್ಥಿರಾಂಕ h = 6.29 × 10⁻³⁴ ಜೌಲ್-ಸೆಕೆಂಡ್, ಲೋಹದಿಂದ ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಕನಿಷ್ಠ ಶಕ್ತಿ ಅಂದರೆ ಕಾರ್ಯಫಲನ 1.44 eV. ಪುಸ್ತಕದಲ್ಲಿ ಪೊಟ್ಯಾಸಿಯಂಗೆ 2.3 eV ಇದೆ. ಎಲ್ಲಿ ಎಡವಿದ್ದೇವೆ?

ಎಲೆಕ್ಟ್ರಾನಿಕ್ಸ್ ಹವ್ಯಾಸಿ: ದೀಪದ ಬೆಳಕು ಸಾಲುತ್ತಿಲ್ಲ ಎನಿಸುತ್ತದೆ. ನಳಿಕೆಯನ್ನು ದೀಪಕ್ಕೆ ಹತ್ತಿರ ತನ್ನಿ, ವಿಭವ ಸರಿಯಾಗುತ್ತದೆ.

ನಿರ್ವಾತ ನಳಿಕೆಗಳ ತಂತ್ರಜ್ಞ: ಹತ್ತಿರ ತಂದರೆ ಪ್ರವಾಹ ಹೆಚ್ಚುತ್ತದೆ, ಅದು ಸೊನ್ನೆಯಾಗುವ ಬಿಂದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಷ್ಟರ ಮಟ್ಟಿಗೆ ಸಲಹೆ ಸರಿ. ಆದರೆ ನಿಲುಗಡೆ ವಿಭವ ಅದರಿಂದ ಮೇಲೇರುವುದಿಲ್ಲ.

ಮೊದಲು ಕೊನೆಯ ಎರಡು ಅಳತೆಗಳನ್ನು ನೋಡಿ. ಹಸಿರಿಗೆ 0.66, ಹಳದಿಗೆ 0.65. ಇವೆರಡರ ಆವೃತ್ತಿಗಳ ನಡುವೆ 0.30 × 10¹⁴ ಹರ್ಟ್ಸ್ ಅಂತರವಿದೆ, ಹಾಗಾಗಿ ಸುಮಾರು 0.12 ವೋಲ್ಟ್ ವ್ಯತ್ಯಾಸ ಕಾಣಬೇಕಿತ್ತು. ಹಳದಿ ಫಿಲ್ಟರ್ ಮೂಲಕ ಹಸಿರು ಬೆಳಕು ನುಸುಳುತ್ತಿರುವಂತಿದೆ. ನುಸುಳುವುದು ಸ್ವಲ್ಪವೇ ಇರಲಿ, ಪ್ರವಾಹವನ್ನು ಪೂರ್ತಿ ನಿಲ್ಲಿಸಬೇಕಾದರೆ ಅತಿ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳನ್ನೇ ತಡೆಯಬೇಕು. ಹಾಗಾಗಿ ನೀವು ಅಳೆದದ್ದು ಹಸಿರಿನ ವಿಭವವನ್ನೇ. ಆ ಒಂದು ಬಿಂದುವನ್ನು ಬಿಟ್ಟು ಲೆಕ್ಕ ಹಾಕಿದರೆ ಇಳಿಜಾರು 3.93 × 10⁻¹⁵ ರಿಂದ 4.19 × 10⁻¹⁵ ವೋಲ್ಟ್-ಸೆಕೆಂಡಿಗೆ ಏರುತ್ತದೆ. ಎಲೆಕ್ಟ್ರಾನಿನ ಆವೇಶದಿಂದ ಗುಣಿಸಿದರೆ h = 6.71 × 10⁻³⁴ ಜೌಲ್-ಸೆಕೆಂಡ್. ನಿಜವಾದ ಬೆಲೆ 6.63. ನಾಲ್ಕು ಬಿಂದುಗಳಿಗೆ ಇದು ಒಳ್ಳೆಯ ಫಲಿತಾಂಶ.

ಆದರೆ ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಬಿಂದುವನ್ನು ಅಳಿಸಬೇಡಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಏಕೆಂದರೆ ಅದರಲ್ಲೂ ಪಾದರಸವಿದೆ. ಹಳದಿಯ ಮೇಲೆ ಇನ್ನೊಂದು ಕಿತ್ತಳೆ ಫಿಲ್ಟರ್ ಇಟ್ಟು ಮತ್ತೆ ಅಳೆಯಿರಿ. ವಿಭವ 0.54ರ ಆಸುಪಾಸಿಗೆ ಇಳಿದರೆ ಸೋರಿಕೆ ಖಚಿತ.

ಪಿಯು ಉಪನ್ಯಾಸಕ: ನಮ್ಮ ಕಾಲೇಜಿನಲ್ಲಿ ಎಲ್‌ಇಡಿ ಬಳಸಿ ಮಾಡಿಸುತ್ತೇವೆ. ಎಲ್‌ಇಡಿ ಬೆಳಗಲು ಶುರುವಾಗುವ ವೋಲ್ಟೇಜ್ ಸಾಕು, h ಸುಲಭವಾಗಿ ಸಿಗುತ್ತದೆ. ಈ ನಳಿಕೆಯ ತಾಪತ್ರಯವೇ ಬೇಡ.

ನಿರ್ವಾತ ನಳಿಕೆಗಳ ತಂತ್ರಜ್ಞ: ಸರ್, ಅದು ಬೇರೆಯದೇ ಪ್ರಯೋಗ. ಅಲ್ಲಿ ಲೋಹದಿಂದ ಎಲೆಕ್ಟ್ರಾನ್ ಹೊರಬರುವುದೇ ಇಲ್ಲ, ಹಾಗಾಗಿ ಕಾರ್ಯಫಲನದ ಪ್ರಶ್ನೆಯೂ ಏಳುವುದಿಲ್ಲ.

ಬಿ.ಎಸ್ಸಿ. ವಿದ್ಯಾರ್ಥಿನಿ: ಆ ಬಿಂದು ಬಿಟ್ಟರೂ ಕಾರ್ಯಫಲನ 1.64 eV ಬರುತ್ತದೆ, ಸರ್. 2.3 ಇನ್ನೂ ದೂರ.

ನಿರ್ವಾತ ನಳಿಕೆಗಳ ತಂತ್ರಜ್ಞ: ಆ 1.64 ಕ್ಯಾಥೋಡಿನದ್ದೇ ಅಲ್ಲ. ಕ್ಯಾಥೋಡ್ ಮತ್ತು ಆನೋಡ್ ಬೇರೆ ಬೇರೆ ಮೇಲ್ಮೈಗಳು. ತಂತಿಯಿಂದ ಜೋಡಿಸಿದೊಡನೆ ಅವುಗಳ ಕಾರ್ಯಫಲನಗಳ ವ್ಯತ್ಯಾಸದಷ್ಟೇ ಸಂಪರ್ಕ ವಿಭವ ನಳಿಕೆಯೊಳಗೆ ಹುಟ್ಟುತ್ತದೆ. ವೋಲ್ಟ್‌ಮೀಟರಿಗೆ ಅದು ಕಾಣುವುದಿಲ್ಲ, ಎಲೆಕ್ಟ್ರಾನಿಗೆ ಕಾಣುತ್ತದೆ. e ಎಂದರೆ ಎಲೆಕ್ಟ್ರಾನಿನ ಆವೇಶ, V ಎಂದರೆ ನಿಲುಗಡೆ ವಿಭವ, ν ಎಂದರೆ ಆವೃತ್ತಿ, φ ಎಂದರೆ ಕಾರ್ಯಫಲನ, K ಎಂದರೆ ಕ್ಯಾಥೋಡ್, A ಎಂದರೆ ಆನೋಡ್ ಎಂದಿಟ್ಟುಕೊಂಡು ಅದನ್ನೂ ಸೇರಿಸಿ ಬರೆಯಿರಿ:

```
eV + (φ_A − φ_K) = hν − φ_K
eV = hν − φ_A
```

φ_K ಎರಡೂ ಕಡೆ ಹೊಡೆದುಹೋಯಿತು. ರೇಖೆ ಲಂಬ ಅಕ್ಷವನ್ನು ಕತ್ತರಿಸುವ ಬಿಂದುವಿನಲ್ಲಿ ಉಳಿದದ್ದು ಆನೋಡಿನ ಕಾರ್ಯಫಲನ. ಇಳಿಜಾರಿಗೆ ಮಾತ್ರ ಏನೂ ಆಗಲಿಲ್ಲ, ಹಾಗಾಗಿಯೇ h ಸರಿ ಬಂತು. ಮಿಲಿಕನ್ 1916ರ ಪ್ರಯೋಗದಲ್ಲಿ ಸೋಡಿಯಂ, ಲಿಥಿಯಂ ಮೇಲ್ಮೈಗಳನ್ನು ನಿರ್ವಾತದೊಳಗೇ ಕೆರೆದು ಹೊಸದಾಗಿಸಿ, ಸಂಪರ್ಕ ವಿಭವವನ್ನು ಪ್ರತ್ಯೇಕವಾಗಿ ಅಳೆದದ್ದು ಇದಕ್ಕಾಗಿಯೇ.

ಎಲೆಕ್ಟ್ರಾನಿಕ್ಸ್ ಹವ್ಯಾಸಿ: ಆದರೆ ಆನೋಡ್ ಸಾಮಾನ್ಯವಾಗಿ ಪ್ಲಾಟಿನಂ ಉಂಗುರ. ಅದರ ಕಾರ್ಯಫಲನ 5 eV ದಾಟುತ್ತದೆ. 1.64 ಹೇಗೆ?

ನಿರ್ವಾತ ನಳಿಕೆಗಳ ತಂತ್ರಜ್ಞ: ಒಳ್ಳೆಯ ಪ್ರಶ್ನೆ. ಶುದ್ಧ ಪ್ಲಾಟಿನಂ ಆಗಿದ್ದರೆ ಈ ರೇಖೆ ಎಲ್ಲೋ ಕೆಳಗಿರುತ್ತಿತ್ತು. ಪೊಟ್ಯಾಸಿಯಂ ಆವಿ ಉಂಗುರದ ಮೇಲೂ ಕೂರುತ್ತದೆ, ಆಗ ಕಾರ್ಯಫಲನ ಕುಸಿಯುತ್ತದೆ. ಬೆಳಕು ಉಂಗುರದ ಮೇಲೆ ಬಿದ್ದರೆ ಅಲ್ಲಿಂದಲೂ ಎಲೆಕ್ಟ್ರಾನ್ ಹೊರಡುತ್ತದೆ. ಆ ಹಿಮ್ಮುಖ ಪ್ರವಾಹದಿಂದ ಸೊನ್ನೆಯ ಬಿಂದು ಬೇಗ ಬಂದು, ವಿಭವ ಇರಬೇಕಾದುದಕ್ಕಿಂತ ಕಡಿಮೆ ಓದುತ್ತದೆ. ನಿಮ್ಮ ನಳಿಕೆಯ ಉಂಗುರದ ಮೇಲೆ ಏನು ಕೂತಿದೆ ಎಂದು ಈ ರೇಖೆಯಿಂದ ಹೇಳಲಾಗದು.

ಬಿ.ಎಸ್ಸಿ. ವಿದ್ಯಾರ್ಥಿನಿ: ಹಾಗಾದರೆ ಕ್ಯಾಥೋಡಿನ ಬೆಲೆ ಹೇಗೆ ತಿಳಿಯುವುದು?

ನಿರ್ವಾತ ನಳಿಕೆಗಳ ತಂತ್ರಜ್ಞ: ಯಾವ ಬಣ್ಣದವರೆಗೆ ಎಲೆಕ್ಟ್ರಾನ್ ಹೊರಬರುತ್ತದೆ ಎಂದು ನೋಡಿ. ಹಸಿರಿನ ಫೋಟಾನಿಗೆ 2.27 eV ಇದೆ. ಹಸಿರು ಬಿಂದು ಉಳಿದ ಮೂರರ ರೇಖೆಯ ಮೇಲೆಯೇ ಕೂತಿರುವುದರಿಂದ ಆ ಪ್ರವಾಹ ಹಸಿರಿನದ್ದೇ, ಹಾಗಾಗಿ ನಿಮ್ಮ ಕ್ಯಾಥೋಡ್ 2.27ಕ್ಕಿಂತ ಕೆಳಗಿದೆ. ಹಳದಿಯ 2.15 eV ಕೂಡ ಸಾಕಾಗುತ್ತದೆಯೇ ಎಂಬುದು ಸೋರಿಕೆ ನಿಂತ ಮೇಲೂ ಪ್ರವಾಹ ಉಳಿದರೆ ಗೊತ್ತಾಗುತ್ತದೆ. ಕಿತ್ತಳೆ ಫಿಲ್ಟರ್ ಇಟ್ಟ ಅಳತೆಯನ್ನು ಇಲ್ಲಿ ಹಾಕಿ.